ಆಕ್ಸಿಜನ್ ಸಿಲಿಂಡರ್ ನಿಂತಾಗ: ಒಂದು ಸಪ್ಲೈ ಕರಾರಿನ 16ನೇ ಕಲಂ

2021ರ ಜೂನ್ 16ರಂದು ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶಾಪಿನ ಮಾಲೀಕರು ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಎರಡು ಪುಟದ ಟರ್ಮಿನೇಷನ್ ಪತ್ರ. ಅದನ್ನು ಮೇಜಿನ ಮೇಲಿಟ್ಟು ಅವರು ಹೇಳಿದ ಮೊದಲ ಮಾತು: "ಸಾರ್, ನಾನು ವಾಟ್ಸಾಪ್ ಮಾಡಿದ್ದೆ ಅಲ್ವಾ, ಅವ್ರು ಓಕೆ ಅಂದಿದ್ರು ಅಲ್ವಾ, ಈಗ ಹದಿನೈದು ಲಕ್ಷದ ತೊಂಬತ್ತು ಸಾವಿರ ಕೊಡು ಅಂದ್ರೆ ಹೇಗೆ?"

ಪಾರ್ಟಿಗಳ ಹೆಸರು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಕರಾರಿನ ಕಲಂಗಳು ಮತ್ತು ತಪ್ಪುಗಳು ಮಾತ್ರ ಇದ್ದ ಹಾಗೇ ಇವೆ.

ವ್ಯವಹಾರ ಸರಳ. ಹೊಸೂರಿನ ಕಡೆಯ ಒಂದು ಮೆಷಿನ್ ಕಂಪನಿಗೆ ಇವರು ಬೇಸ್ ಪ್ಲೇಟ್ ಸೆಟ್ ಮಾಡಿಕೊಡಬೇಕು. ಒಂದು ಸೆಟ್ ಅಂದರೆ 40 ಮಿಲಿಮೀಟರ್ ದಪ್ಪದ ಒಂದು ಪ್ಲೇಟು, ಅದಕ್ಕೆ ವೆಲ್ಡ್ ಮಾಡುವ 12 ಮಿಲಿಮೀಟರಿನ ನಾಲ್ಕು ಗಸೆಟ್. ಒಟ್ಟು 360 ಸೆಟ್, ತಿಂಗಳಿಗೆ 60ರಂತೆ ಮಾರ್ಚಿನಿಂದ ಆಗಸ್ಟ್‌ವರೆಗೆ. ಸೆಟ್ಟಿಗೆ 18,000 ರೂಪಾಯಿ, ಒಟ್ಟು 64.8 ಲಕ್ಷ. ಅದರಲ್ಲಿ ಶೇ 20 ಅಡ್ವಾನ್ಸ್ ಬಂದಿತ್ತು, ಪ್ರತಿ ಬಿಲ್ಲಿನಲ್ಲಿ ಅಷ್ಟಷ್ಟು ಕಳೆಯುವ ಲೆಕ್ಕ. ತಡವಾದರೆ ವಾರಕ್ಕೆ ಅರ್ಧ ಪರ್ಸೆಂಟ್ ದಂಡ, ಗರಿಷ್ಠ ಶೇ 5. ಕರಾರಿಗೆ ಸಹಿ ಬಿದ್ದದ್ದು 2021ರ ಜನವರಿಯಲ್ಲಿ. ಈ ತಿಂಗಳನ್ನು ನೆನಪಿಟ್ಟುಕೊಳ್ಳಿ.

ಮಾರ್ಚಿನಲ್ಲಿ 60 ಸೆಟ್ ಹೋಯಿತು. ಏಪ್ರಿಲ್ 20ರ ಹೊತ್ತಿಗೆ ಇನ್ನೂ 40. ಆಮೇಲೆ ಗ್ಯಾಸ್ ನಿಂತಿತು.

ಇಷ್ಟು ದಪ್ಪದ ಪ್ಲೇಟನ್ನು ಸಣ್ಣ ಶಾಪುಗಳು ಗ್ಯಾಸ್ ಕಟಿಂಗ್‌ನಲ್ಲೇ ಕತ್ತರಿಸುತ್ತವೆ. ಎಲ್‌ಪಿಜಿ ಕಬ್ಬಿಣವನ್ನು ಕೆಂಪಗೆ ಕಾಯಿಸುತ್ತದೆ ಅಷ್ಟೆ, ನಿಜವಾಗಿ ಕತ್ತರಿಸುವುದು ಆಕ್ಸಿಜನ್. ಕೋವಿಡ್ ಎರಡನೇ ಅಲೆ ಏರುತ್ತಿದ್ದಾಗ ಕೇಂದ್ರ ಸರ್ಕಾರ, ಒಂಬತ್ತು ವಿನಾಯಿತಿ ಉದ್ಯಮಗಳನ್ನು ಬಿಟ್ಟು ಬೇರೆ ಯಾವ ಕೈಗಾರಿಕೆಗೂ ಏಪ್ರಿಲ್ 22ರಿಂದ ಆಕ್ಸಿಜನ್ ಕೊಡಬಾರದು ಎಂದು ಆದೇಶ ಮಾಡಿತು. ಮೂರು ದಿನ ಬಿಟ್ಟು, ಏಪ್ರಿಲ್ 25ರಂದು, ದ್ರವ ಆಕ್ಸಿಜನ್ ವೈದ್ಯಕೀಯ ಬಳಕೆಗೆ ಮಾತ್ರ ಎಂಬ ಇನ್ನೂ ಬಿಗಿಯಾದ ಆದೇಶ ಬಂತು. ಫ್ಯಾಬ್ರಿಕೇಷನ್ ಆ ಒಂಬತ್ತರ ಪಟ್ಟಿಯಲ್ಲಿ ಇರಲೇ ಇಲ್ಲ. ನಮ್ಮ ಮಾಲೀಕರ ಸಿಲಿಂಡರ್ ವೆಂಡರ್ ಏಪ್ರಿಲ್ 21ಕ್ಕೆ ಒಂದು ಮೆಸೇಜ್ ಹಾಕಿದ: "ನಾಳೆಯಿಂದ ಸ್ಟಾಕ್ ಇಲ್ಲ." ಅಷ್ಟೇ.

ಇನ್ನು ಕರಾರಿನ 16ನೇ ಕಲಂ, ಫೋರ್ಸ್ ಮಜೂರ್, ಅಂದರೆ ಕೈಮೀರಿದ ಘಟನೆಯಿಂದ ಕೆಲಸ ನಿಂತರೆ ಅದು ಕರಾರು ಮುರಿದಂತಲ್ಲ ಎಂಬ ಕಲಂ. ಯಾವುದೋ ದೊಡ್ಡ ಕಂಪನಿಯ ಕರಾರಿನಿಂದ ಕಾಪಿ ಹೊಡೆದದ್ದು, ನೋಡಿದ ಕೂಡಲೇ ಗೊತ್ತಾಗುತ್ತದೆ. 16.1ರಲ್ಲಿ ಘಟನೆಗಳ ಪಟ್ಟಿ: ಪ್ರವಾಹ, ಭೂಕಂಪ, ಬೆಂಕಿ, ಯುದ್ಧ, ಗಲಭೆ, ಸ್ವಂತ ಕಾರ್ಮಿಕರದ್ದು ಬಿಟ್ಟು ಬೇರೆ ಮುಷ್ಕರ, ಸರ್ಕಾರಿ ಆದೇಶ, "ಮತ್ತು ಇಂಥದ್ದೇ ಇತರ ಕಾರಣಗಳು". ಸಾಂಕ್ರಾಮಿಕ ರೋಗ ಎಂಬ ಪದ ಎಲ್ಲೂ ಇಲ್ಲ. 2020ರ ಲಾಕ್‌ಡೌನ್ ಕಂಡ ಇಬ್ಬರು 2021ರ ಜನವರಿಯಲ್ಲಿ ಕೂತು ಸಹಿ ಹಾಕಿದ ಕಾಗದದಲ್ಲಿ ಇಲ್ಲ! 16.2 ಹೇಳುತ್ತದೆ: ಸಬ್ ವೆಂಡರ್ ಮಾಲು ಕೊಡದಿದ್ದರೆ ಅದು ಫೋರ್ಸ್ ಮಜೂರ್ ಅಲ್ಲ, ಆ ವೆಂಡರ್‌ಗೂ 16.1ರ ಘಟನೆಯೇ ಅಡ್ಡ ಬಂದಿದ್ದರೆ ಮಾತ್ರ ಲೆಕ್ಕಕ್ಕೆ. 16.3 ನೋಟಿಸ್, 16.4 ನಷ್ಟ ತಗ್ಗಿಸುವ ಕರ್ತವ್ಯ, 16.5 ಟರ್ಮಿನೇಷನ್.

ಎಲ್ಲರೂ ಮೊದಲು ಕೇಳುವುದು "ಕೋವಿಡ್ ಫೋರ್ಸ್ ಮಜೂರ್ ಆಗುತ್ತಾ?" ಅಂತ. ಪ್ರಶ್ನೆಯೇ ತಪ್ಪು. ಕೋವಿಡ್ ಇವರ ಟಾರ್ಚನ್ನು ಆರಿಸಲಿಲ್ಲ, ಆಕ್ಸಿಜನ್ ಆದೇಶ ಆರಿಸಿತು. ಈ ವ್ಯತ್ಯಾಸದಿಂದ ಎರಡು ಲಾಭ. ಒಂದು, ಪಟ್ಟಿಯಲ್ಲಿ "ಸಾಂಕ್ರಾಮಿಕ" ಇಲ್ಲ ಎಂಬ ತಲೆನೋವು ಹೋಗುತ್ತದೆ, ಯಾಕೆಂದರೆ "ಸರ್ಕಾರಿ ಆದೇಶ" ಇದೆ. "ಇಂಥದ್ದೇ ಇತರ ಕಾರಣಗಳು" ಎಂಬ ಬಾಲವನ್ನು ನಂಬಿಕೊಂಡು ಕೂರಬೇಕಿಲ್ಲ. ಆ ಬಾಲವನ್ನು ಕೋರ್ಟುಗಳು ಹಿಂದಿನ ಪದಗಳ ಜಾತಿಗೆ ಸೇರಿದ್ದಕ್ಕೆ ಮಾತ್ರ ಒಪ್ಪುವುದು ರೂಢಿ. ಇನ್ನೊಂದು, "ಜನವರಿಯಲ್ಲೇ ಕೋವಿಡ್ ಗೊತ್ತಿತ್ತಲ್ಲ, ಗೊತ್ತಿದ್ದೂ ಸಹಿ ಹಾಕಿದ್ದೀರಿ" ಎಂದು ಕಂಪನಿ ಪತ್ರದಲ್ಲಿ ಬರೆದಿದ್ದ ವಾದಕ್ಕೆ ಉತ್ತರ ಸಿಗುತ್ತದೆ. ಕೋವಿಡ್ ಗೊತ್ತಿತ್ತು, ನಿಜ. ಮೂರು ತಿಂಗಳ ನಂತರ ಕಟಿಂಗ್ ಶಾಪಿಗೆ ಒಂದು ಸಿಲಿಂಡರನ್ನೂ ಕೊಡಬೇಡಿ ಎಂಬ ಆದೇಶ ಬರುತ್ತದೆ ಅಂತ ಜನವರಿಯಲ್ಲಿ ಯಾರು ಲೆಕ್ಕ ಹಾಕಿದ್ದರು?

ಆದರೆ ಕಂಪನಿಯ ಹತ್ತಿರ ಒಂದು ಒಳ್ಳೆಯ ವಾದ ಇತ್ತು. ಆದೇಶ ಕಟ್ಟಿಹಾಕಿದ್ದು ಆಕ್ಸಿಜನ್ ತಯಾರಿಸುವವರನ್ನು, ಕೊಡುವವರನ್ನು. ನಿಮ್ಮನ್ನಲ್ಲ. ನಿಮ್ಮದು ಸುಮ್ನೆ ವೆಂಡರ್ ಕೈಕೊಟ್ಟ ಕೇಸು, 16.2 ಪ್ರಕಾರ ಅದು ನಿಮ್ಮ ತಲೆನೋವು. ಇದಕ್ಕೆ ಉತ್ತರ ಅದೇ 16.2ರ ಎರಡನೇ ಅರ್ಧದಲ್ಲಿದೆ: ವೆಂಡರ್‌ಗೂ ಪಟ್ಟಿಯ ಘಟನೆಯೇ ತಟ್ಟಿರಬೇಕು. ತಟ್ಟಿತ್ತು. ಆದರೆ ನಮ್ಮ ಹತ್ತಿರ ಇದ್ದ ಸಾಕ್ಷಿ "ನಾಳೆಯಿಂದ ಸ್ಟಾಕ್ ಇಲ್ಲ" ಎಂಬ ಮೂರು ಪದ. ಸ್ಟಾಕ್ ಯಾಕಿಲ್ಲ? ಜಾಸ್ತಿ ದುಡ್ಡು ಕೊಟ್ಟವನಿಗೆ ಮಾರಿದನೋ, ಬಾಕಿ ಕೊಟ್ಟಿಲ್ಲ ಅಂತ ನಿಲ್ಲಿಸಿದನೋ, ಆದೇಶದಿಂದ ನಿಂತಿತೋ? ವೆಂಡರ್ ಹತ್ತಿರ ಹೋಗಿ ಲೆಟರ್‌ಹೆಡ್ಡಿನಲ್ಲಿ, ಆದೇಶದ ತಾರೀಖು ಹಾಕಿಸಿ, ಏಪ್ರಿಲ್ 22ರಿಂದ ಈ ಗ್ರಾಹಕರಿಗೆ ಎಷ್ಟು ಸಿಲಿಂಡರ್ ಕೊಟ್ಟಿದ್ದೇವೆ ಎಂಬ ಲೆಡ್ಜರ್ ಪುಟದ ಸಮೇತ ಪತ್ರ ತರಿಸಲು ಎರಡು ದಿನ ಹಿಡಿಯಿತು. ಇಡೀ ಫೈಲಿನಲ್ಲಿ ನನಗೆ ಅತಿ ಉಪಯೋಗಕ್ಕೆ ಬಂದ ಎರಡು ಕಾಗದಗಳಲ್ಲಿ ಇದು ಒಂದು.

ಈಗ ಬೇರೆ ದಾರಿ ಇತ್ತಾ ಎಂಬ ಪ್ರಶ್ನೆ. 2017ರ ಎನರ್ಜಿ ವಾಚ್‌ಡಾಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಇಂಡೋನೇಷ್ಯಾದ ಕಲ್ಲಿದ್ದಲು ದುಬಾರಿಯಾಯಿತು ಅಂತ ವಿದ್ಯುತ್ ಕಂಪನಿಗಳು ಫೋರ್ಸ್ ಮಜೂರ್ ಕೇಳಿದ್ದವು. ಕೋರ್ಟ್ ಒಪ್ಪಲಿಲ್ಲ: ಕೆಲಸ ದುಬಾರಿಯಾದರೆ ಅಸಾಧ್ಯವಾದ ಹಾಗಲ್ಲ. ಘಟನೆಯ ಬಗ್ಗೆ ಕರಾರಿನಲ್ಲೇ ಕಲಂ ಇದ್ದರೆ ಕರಾರು ಕಾಯ್ದೆಯ 32ನೇ ಸೆಕ್ಷನ್ ಕೆಳಗೆ ಆ ಕಲಂ ಪ್ರಕಾರವೇ ನಡೆಯಬೇಕು, 56ನೇ ಸೆಕ್ಷನ್ನಿನ ಅಸಾಧ್ಯತೆ ಕರಾರಿನ ಹೊರಗಿನ ಘಟನೆಗಳಿಗೆ ಅಂತಲೂ ಅಲ್ಲಿ ಸ್ಪಷ್ಟ ಮಾಡಿದೆ. ಹಾಗಾಗಿ "56 ಹಾಕೋಣ ಸಾರ್" ಅಂತ ಯಾರಾದರೂ ಹೇಳಿದರೆ ಮೊದಲು ನಿಮ್ಮ ಕಲಂ ಓದಿ.

ಶಾಪಿಗೆ ಹೋಗಿ ನೋಡಿದೆ. ಪೇಪರ್ ಮೇಲೆ ಕೂತು ಇದನ್ನು ತೀರ್ಮಾನಿಸಲು ಆಗುವುದಿಲ್ಲ. 12 ಮಿಲಿಮೀಟರಿನ ಗಸೆಟ್‌ಗಳನ್ನು ಗಾಳಿಯಿಂದಲೇ ನಡೆಯುವ ಪ್ಲಾಸ್ಮಾ ಮೆಷಿನ್ನಿನಲ್ಲಿ ಕತ್ತರಿಸಬಹುದಿತ್ತು, ಆ ಮೆಷಿನ್ ಮೂಲೆಯಲ್ಲೇ ನಿಂತಿತ್ತು. ಆದರೆ ಬರೀ ಗಸೆಟ್ ಇಟ್ಟುಕೊಂಡು ಏನು ಮಾಡುವುದು? 40 ಮಿಲಿಮೀಟರ್ ಆ ಮೆಷಿನ್ನಿನ ಕೈಲಿ ಆಗುವ ಕೆಲಸವಲ್ಲ. ಹೊರಗೆ ವಾಟರ್‌ಜೆಟ್‌ನಲ್ಲಿ ಮಾಡಿಸಬಹುದಿತ್ತು. ಮಾಲೀಕರು ಮೇ ತಿಂಗಳಲ್ಲಿ ಒಂದು ಕೊಟೇಷನ್ ತರಿಸಿದ್ದರು, ಸೆಟ್ಟಿಗೆ ಕಟಿಂಗ್ ಖರ್ಚೇ 7,400, ಗ್ಯಾಸಿನಲ್ಲಾದರೆ 1,900. ಮೆಷಿನ್ ಖಾಲಿ ಇದ್ದದ್ದು ವಾರಕ್ಕೆ ನಾಲ್ಕು ಸೆಟ್ಟಿಗೆ. ನನ್ನ ಅಭಿಪ್ರಾಯ ಮಾಲೀಕರಿಗೆ ಹಿಡಿಸಲಿಲ್ಲ: ಆ ವಾರಕ್ಕೆ ನಾಲ್ಕನ್ನು ನೀವು ಮಾಡಿಸಬೇಕಿತ್ತು ಅಥವಾ ಈ ಕೊಟೇಷನ್ನನ್ನು ಅಂದೇ ಕಂಪನಿಗೆ ಕಳಿಸಿ "ಹೆಚ್ಚಿನ ಖರ್ಚು ಹಂಚಿಕೊಳ್ಳುತ್ತೀರಾ?" ಅಂತ ಕೇಳಬೇಕಿತ್ತು. ಕೊಟೇಷನ್ ಫೋನಿನಲ್ಲೇ ಉಳಿದಿತ್ತು.

ಇದಕ್ಕಿಂತ ಕೆಟ್ಟದ್ದು ಸ್ಟಾಕ್ ರಿಜಿಸ್ಟರಿನಲ್ಲಿ ಸಿಕ್ಕಿತು. ಏಪ್ರಿಲ್ 21ರ ಸಂಜೆಯ ನಮೂದು: "ಕಟ್ ಆದ ಪ್ಲೇಟ್ 14, ಡ್ರಿಲ್ಲಿಂಗ್ ಬಾಕಿ." ಹದಿನಾಲ್ಕು ಪ್ಲೇಟು ಆಗಲೇ ಕತ್ತರಿಸಿ ಆಗಿತ್ತು! ಡ್ರಿಲ್ ಮಾಡಿ, ಗಸೆಟ್ ಪ್ಲಾಸ್ಮಾದಲ್ಲಿ ತೆಗೆದು, ವೆಲ್ಡ್ ಮಾಡಿ ಕಳಿಸಲು ಆಕ್ಸಿಜನ್ ಬೇಡವೇ ಬೇಡ. ಅವು ಜೂನ್‌ವರೆಗೂ ಶೆಡ್ಡಿನ ಗೋಡೆಗೆ ಒರಗಿ ತುಕ್ಕು ಹಿಡಿದಿದ್ದವು. ಕೇಳಿದರೆ "ಎಲ್ಲಾ ಒಟ್ಟಿಗೆ ಕಳಿಸೋಣ ಅಂತ ಇದ್ವಿ" ಅಂದರು. ಫೋರ್ಸ್ ಮಜೂರ್ ಇಡೀ ಕರಾರಿಗೆ ಹೊದಿಸುವ ಕಂಬಳಿಯಲ್ಲ, ಘಟನೆ ಎಷ್ಟನ್ನು ತಡೆಯಿತೋ ಅಷ್ಟಕ್ಕೆ ಮಾತ್ರ. ಏಪ್ರಿಲ್‌ನಲ್ಲಿ ಕಡಿಮೆ ಬಿದ್ದ 20 ಸೆಟ್ಟಿನಲ್ಲಿ 14ಕ್ಕೆ ನಮಗೆ ಯಾವ ನೆಪವೂ ಇರಲಿಲ್ಲ.

ನೋಟಿಸ್‌ಗೆ ಬರೋಣ, ಕೇಸು ನಿಜವಾಗಿ ಅಲುಗಾಡಿದ್ದು ಇಲ್ಲಿ. 16.3ರ ಸಾರ ಹೀಗಿದೆ: ಘಟನೆ ನಡೆದ ಏಳು ದಿನದೊಳಗೆ, ಲಿಖಿತವಾಗಿ, 24ನೇ ಕಲಂನಲ್ಲಿ ಕೊಟ್ಟ ಇಮೇಲ್ ಅಥವಾ ವಿಳಾಸಕ್ಕೆ ತಿಳಿಸಬೇಕು, ಘಟನೆ ಯಾವುದು, ಯಾವ ಸಪ್ಲೈಗೆ ತೊಂದರೆ, ಎಷ್ಟು ದಿನ ಆಗಬಹುದು, ನೀವು ಏನು ಮಾಡುತ್ತಿದ್ದೀರಿ ಎಂದು ಹೇಳಬೇಕು, ಹಾಗೆ ತಿಳಿಸದಿದ್ದರೆ ಈ ಕಲಂನ ಪ್ರಯೋಜನ ಇಲ್ಲ. ಏಳು ದಿನ ಅಂದರೆ ಏಪ್ರಿಲ್ 29.

ಇವರು ಮಾಡಿದ್ದು ಏನು? ಏಪ್ರಿಲ್ 24ಕ್ಕೆ ಕಂಪನಿಯ ಪರ್ಚೇಸ್ ಮ್ಯಾನೇಜರ್‌ಗೆ ವಾಟ್ಸಾಪ್: "ಸರ್ ಆಕ್ಸಿಜನ್ ಸಿಲಿಂಡರ್ ಬರ್ತಿಲ್ಲ, ಡಿಸ್ಪ್ಯಾಚ್ ಸ್ವಲ್ಪ ಲೇಟ್ ಆಗುತ್ತೆ." ಅತ್ತಲಿಂದ "ಓಕೆ, ಬೇಗ ನೋಡಿ." ಆಮೇಲೆ ಮೇ 11ಕ್ಕೆ, ಅಕೌಂಟೆಂಟ್ ಹೇಳಿದರು ಅಂತ, ಸರಿಯಾದ ವಿಳಾಸಕ್ಕೆ ಒಂದು ಮೇಲ್: "ಏಪ್ರಿಲ್ 22ರಿಂದ ಲಾಕ್‌ಡೌನ್ ಕಾರಣ ನಾವು ಸಪ್ಲೈ ಮಾಡಲು ಆಗುತ್ತಿಲ್ಲ, ಫೋರ್ಸ್ ಮಜೂರ್ ಎಂದು ಪರಿಗಣಿಸಿ." ತಡವಾಗಿದ್ದು ಸಾಲದು ಅಂತ ಕಾರಣವೂ ತಪ್ಪು. ಕರ್ನಾಟಕದಲ್ಲಿ ಬಿಗಿ ನಿರ್ಬಂಧ ಶುರುವಾದದ್ದು ಏಪ್ರಿಲ್ 27ರ ರಾತ್ರಿ, ಆಗಲೂ ಗಾರ್ಮೆಂಟ್ಸ್ ಬಿಟ್ಟು ಉತ್ಪಾದನಾ ಘಟಕಗಳಿಗೆ ಅವಕಾಶ ಇತ್ತು. ಯಾರದೋ ಮಾದರಿ ಪತ್ರ ಇಳಿಸಿಕೊಂಡು ತಾರೀಖು ತುಂಬಿದ್ದರು. ಆಕ್ಸಿಜನ್ ಎಂಬ ಪದವೇ ಆ ಮೇಲ್‌ನಲ್ಲಿ ಇಲ್ಲ.

ವಾಟ್ಸಾಪ್ "ಲಿಖಿತ" ಆಗುತ್ತದಾ? ಆಗಬಹುದು, ಐಟಿ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಡುತ್ತದೆ. ಆದರೆ ಅದು 24ನೇ ಕಲಂನ ವಿಳಾಸಕ್ಕೆ ಹೋಗಿಲ್ಲ, ಕೇಳಿದ ನಾಲ್ಕು ವಿವರದಲ್ಲಿ ಒಂದೂವರೆ ಮಾತ್ರ ಇದೆ.

ತಡವಾದ ನೋಟಿಸ್ ಹಕ್ಕನ್ನೇ ಕೊಲ್ಲುತ್ತದಾ ಎಂಬುದಕ್ಕೆ ಇಂಗ್ಲೆಂಡಿನ ಒಂದು ಹಳೆಯ ಕೇಸು ನನಗೆ ಇಷ್ಟ. ಮಿಸಿಸಿಪ್ಪಿ ಪ್ರವಾಹದ ನಂತರ 1973ರಲ್ಲಿ ಅಮೆರಿಕ ಸೋಯಾ ರಫ್ತು ತಡೆದಾಗ ಹುಟ್ಟಿದ ಜಗಳ ಅದು, 1978ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಒಂದೇ ಕರಾರಿನಲ್ಲಿ ಎರಡು ನೋಟಿಸ್ ಕಲಂ ಇದ್ದವು. ಒಂದರಲ್ಲಿ "ತಡಮಾಡದೆ" ತಿಳಿಸಿ ಅಂತ ಅಷ್ಟೇ ಇತ್ತು, ಅದು ತಪ್ಪಿದ ಮಾತ್ರಕ್ಕೆ ರಕ್ಷಣೆ ಹೋಗುವುದಿಲ್ಲ ಅಂದರು. ಇನ್ನೊಂದರಲ್ಲಿ ಇಷ್ಟು ದಿನಕ್ಕೆ ಇದು, ಇಷ್ಟು ದಿನಕ್ಕೆ ಅದು ಎಂದು ಪೂರಾ ವೇಳಾಪಟ್ಟಿ ಇತ್ತು, ಅದನ್ನು ಪಾಲಿಸಲೇಬೇಕಾದ ಷರತ್ತು ಅಂದರು. ನಮ್ಮ ಕೋರ್ಟುಗಳಿಗೆ ಅದು ಕಟ್ಟಲೆಯಲ್ಲ, ಆದರೆ ಓದುವ ರೀತಿ ಸರಿಯಾಗಿದೆ: ದಿನ ಎಣಿಸಿದ್ದಾರಾ, ತಪ್ಪಿದರೆ ಏನಾಗುತ್ತದೆ ಅಂತ ಬರೆದಿದ್ದಾರಾ? ನಮ್ಮ 16.3ರಲ್ಲಿ ಎರಡೂ ಇದ್ದವು. ಕೇಂದ್ರ ಸರ್ಕಾರದ 2017ರ ಖರೀದಿ ಕೈಪಿಡಿಯೂ, ಘಟನೆ ಆದ ಕೂಡಲೇ ನೋಟಿಸ್ ಕೊಡಬೇಕು, ಎಲ್ಲ ಮುಗಿದ ಮೇಲೆ ಹಿಂದಿನ ತಾರೀಖಿಗೆ ಕೇಳಲು ಆಗದು ಅನ್ನುತ್ತಿತ್ತು. ಅಲ್ಲಿಗೆ ನಮ್ಮ ಸ್ಥಿತಿ ಚೆನ್ನಾಗಿರಲಿಲ್ಲ, ಇದನ್ನು ಮಾಲೀಕರಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ.

ಬದುಕಿಸಿದ್ದು ಕಂಪನಿಯದೇ ಒಂದು ಮೇಲ್. ಮಾಲೀಕರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಇನ್‌ಬಾಕ್ಸ್ ಪೂರ್ತಿ ತಾರೀಖಿನ ಪ್ರಕಾರ ಪ್ರಿಂಟ್ ಹಾಕಿಸಿದಾಗ ಸಿಕ್ಕಿತು. ಏಪ್ರಿಲ್ 29ಕ್ಕೆ ಪ್ಲಾನಿಂಗ್ ವಿಭಾಗದಿಂದ ಬಂದದ್ದು, ಪರ್ಚೇಸ್ ಹೆಡ್‌ಗೆ ಕಾಪಿ: "ನಿಮ್ಮ ಆಕ್ಸಿಜನ್ ಸಮಸ್ಯೆ ಗಮನಿಸಿದ್ದೇವೆ. ಮೇ ಶೆಡ್ಯೂಲ್ 60ರ ಬದಲು 20, ಜೂನ್ ಬಗ್ಗೆ ನಂತರ ತಿಳಿಸುತ್ತೇವೆ." ಇದರ ಬೆಲೆ ಎಷ್ಟು ನೋಡಿ. ಮೇ ತಿಂಗಳ 40 ಸೆಟ್ಟಿನ ಅವಧಿಯನ್ನು ಕಂಪನಿಯೇ ಬಿಟ್ಟುಕೊಟ್ಟಿದೆ, ಕರಾರು ಕಾಯ್ದೆಯ 63ನೇ ಸೆಕ್ಷನ್ ಹಾಗೆ ಬಿಟ್ಟುಕೊಡಲು ಅವಕಾಶ ಕೊಡುತ್ತದೆ. ಉಳಿದದ್ದಕ್ಕೂ, ಏಳನೇ ದಿನಕ್ಕೇ ಘಟನೆ ಅವರಿಗೆ ಗೊತ್ತಿತ್ತು, ಅದನ್ನು ನಂಬಿಯೇ ಪ್ಲಾನ್ ಬದಲಿಸಿದ್ದರು ಎಂದು ವಾದಿಸಬಹುದು. ಗೆದ್ದೇ ಗೆಲ್ಲುವ ವಾದ ಅಂತ ನಾನು ಹೇಳುವುದಿಲ್ಲ, ಕರಾರಿನ ಕೊನೆಯಲ್ಲಿ "ಲಿಖಿತ ತಿದ್ದುಪಡಿ ಇಲ್ಲದೆ ಯಾವ ಹಕ್ಕೂ ಬಿಟ್ಟುಕೊಟ್ಟಂತಲ್ಲ" ಎಂಬ ಸಾಲೂ ಇತ್ತು. ಆದರೆ ಮಾತುಕತೆಯ ಮೇಜಿನ ಮೇಲೆ ಆ ಮೇಲ್ ಇಟ್ಟಾಗ ಎದುರಿನವರ ಮುಖ ಬದಲಾಯಿತು.

ಇನ್ನು ಟರ್ಮಿನೇಷನ್. 16.5: ಘಟನೆ ಸತತ 60 ದಿನ ಮೀರಿದರೆ ಯಾವ ಪಾರ್ಟಿಯಾದರೂ 15 ದಿನದ ನೋಟಿಸ್ ಕೊಟ್ಟು ಕರಾರು ಮುಗಿಸಬಹುದು; ಆಗ ತಯಾರಾದ ಮಾಲಿಗೆ ದುಡ್ಡು, ಉಳಿದ ಅಡ್ವಾನ್ಸ್ ವಾಪಸ್, ಬೇರೆ ಏನನ್ನೂ ಯಾರೂ ಕೇಳುವಂತಿಲ್ಲ. ಕಂಪನಿಯ ಪತ್ರದ ತಾರೀಖು ಜೂನ್ 14, ಅಂದಿನಿಂದಲೇ ಜಾರಿ. ಬೆರಳು ಮಡಚಿ ಎಣಿಸಿ: ಏಪ್ರಿಲ್ 22ರಿಂದ ತಿಂಗಳ ಕೊನೆಗೆ 9, ಮೇ 31, ಜೂನ್‌ನಲ್ಲಿ 14, ಒಟ್ಟು 54. ಅರವತ್ತು ತುಂಬಿಲ್ಲ, ಹದಿನೈದು ದಿನದ ನೋಟಿಸೂ ಇಲ್ಲ. ಮೇಲಿಂದ ಜೂನ್ 10ಕ್ಕೆ ವೆಂಡರ್ ನಾಲ್ಕು ಸಿಲಿಂಡರ್ ಕಳಿಸಿದ್ದ, ಹಾಗಾಗಿ "ಸತತ" ಎಂಬ ಪದವೂ ಅವರ ಕೈಬಿಟ್ಟಿತು.

ಪತ್ರದಲ್ಲಿ ಇನ್ನೊಂದು ತಮಾಷೆ. ಮೊದಲ ಪ್ಯಾರಾದಲ್ಲಿ "ನಿಮ್ಮದು ಫೋರ್ಸ್ ಮಜೂರ್ ಅಲ್ಲವೇ ಅಲ್ಲ, ಕರಾರು ಮುರಿದಿದ್ದೀರಿ" ಅಂತ ದಂಡ 3.24 ಲಕ್ಷ, ಬೇರೆಯವರಿಂದ 23,500ಕ್ಕೆ ಕೊಂಡ 60 ಸೆಟ್ಟಿನ ವ್ಯತ್ಯಾಸ 3.30 ಲಕ್ಷ. ನಾಲ್ಕನೇ ಪ್ಯಾರಾದಲ್ಲಿ "16.5 ಪ್ರಕಾರ ಕರಾರು ಮುಗಿಸುತ್ತಿದ್ದೇವೆ" ಅಂತ ಅಡ್ವಾನ್ಸಿನ ಬಾಕಿ 9.36 ಲಕ್ಷ. ಫೋರ್ಸ್ ಮಜೂರ್ ಇಲ್ಲ ಅಂದರೆ 16.5 ಹತ್ತಿರ ಹೋಗುವಂತಿಲ್ಲ. ಇದೆ ಅಂದರೆ ದಂಡ ಕೇಳುವಂತಿಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟಿದ್ದರು. ಅವರ ವಕೀಲರು ಒಂದೇ ದಾರಿ ಹಿಡಿದಿದ್ದರೆ, ಅಂದರೆ ಬರೀ ನೋಟಿಸ್ ತಪ್ಪಿನ ಮೇಲೆ ಕೂತಿದ್ದರೆ, ನಮಗೆ ಕಷ್ಟ ಜಾಸ್ತಿ ಆಗುತ್ತಿತ್ತು.

ನಾವು ಮಾಡಿದ ಮೊದಲ ಕೆಲಸ ಉತ್ತರ ಬರೆಯುವುದಲ್ಲ. ಜೂನ್ 18ಕ್ಕೆ ಆ 14 ಸೆಟ್ಟನ್ನು ಉಜ್ಜಿ, ಪ್ರೈಮರ್ ಹೊಡೆದು, ಲಾರಿ ಹತ್ತಿಸಿದೆವು. ಏಪ್ರಿಲ್ 30ರಿಂದ ಸರಿಯಾಗಿ ಏಳು ವಾರ, ಮೂರೂವರೆ ಪರ್ಸೆಂಟ್, 2.52 ಲಕ್ಷದ ಮೇಲೆ 8,820 ರೂಪಾಯಿ ದಂಡ. ಅದನ್ನು ನಾವೇ ಬಿಲ್ಲಿನಲ್ಲಿ ಕಳೆದು ಕಳಿಸಿದೆವು. ತಪ್ಪಿದ್ದನ್ನು ಒಪ್ಪಿಕೊಂಡು ಬಂದವನ ಮಿಕ್ಕ ಮಾತಿಗೆ ಕಿವಿ ಕೊಡುತ್ತಾರೆ ಎಂಬುದು ನನ್ನ ಅನುಭವ. ಮರುದಿನ ಉತ್ತರ ಹೋಯಿತು: ವೆಂಡರ್ ಪತ್ರ, ಆದೇಶದ ಪ್ರತಿ, ಏಪ್ರಿಲ್ 29ರ ಮೇಲ್, 54 ದಿನದ ಲೆಕ್ಕ. ಜೊತೆಗೆ ಆಕ್ಸಿಜನ್ ಮತ್ತೆ ಬರುತ್ತಿದೆ ಎಂಬ ನೋಟಿಸ್. ಘಟನೆ ಮುಗಿದದ್ದನ್ನೂ ತಿಳಿಸಬೇಕು ಅಂತ 16.3ರ ಕೊನೆ ಸಾಲು ಹೇಳುತ್ತದೆ, ಅದನ್ನು ಯಾರೂ ಓದುವುದಿಲ್ಲ.

ಜುಲೈ ಮೊದಲ ವಾರ ಎರಡು ಸಲ ಕೂತು ಮುಗಿಯಿತು. ಟರ್ಮಿನೇಷನ್ ವಾಪಸ್. ಹೊರಗೆ ಕೊಂಡ 60 ಸೆಟ್ ನಮ್ಮ ಆರ್ಡರಿನಿಂದ ಕಟ್, ಆದರೆ ವ್ಯತ್ಯಾಸದ ಹಣ ಅವರು ಕೇಳುವುದಿಲ್ಲ. ಬಾಕಿ 186 ಸೆಟ್ಟಿಗೆ ಹೊಸ ಶೆಡ್ಯೂಲ್, ಅಡ್ವಾನ್ಸ್ ಅದರಲ್ಲೇ ಹಂಚಿ ಕಳೆಯುವುದು. ಉಳಿದ ದಂಡ ಇಲ್ಲ.

16ನೇ ಕಲಂನ್ನೂ ಅದೇ ಮೇಜಿನ ಮೇಲೆ ತಿದ್ದಿದೆವು. ಪಟ್ಟಿಗೆ "ಪಾರ್ಟಿಗೆ ಅಥವಾ ಅದರ ವೆಂಡರ್‌ಗೆ ಅನ್ವಯವಾಗುವ ಸರ್ಕಾರಿ ಆದೇಶ" ಬಂತು. ಏಳು ದಿನವನ್ನು "ಘಟನೆ ನಡೆದ" ಬದಲು "ತಿಳಿದ" ದಿನದಿಂದ ಎಣಿಸುವುದು ಅಂತಾಯಿತು. ತಡವಾದರೆ ಹಕ್ಕು ಪೂರ್ತಿ ಹೋಗುವುದಿಲ್ಲ, ನೋಟಿಸ್ ಕೊಟ್ಟ ದಿನದಿಂದ ಮಾತ್ರ ಸಿಗುತ್ತದೆ. ಇವಕ್ಕೆಲ್ಲ ಅವರು ಒಪ್ಪಿದರು. ಒಂದಕ್ಕೆ ಮಾತ್ರ ಒಪ್ಪಲೇ ಇಲ್ಲ: 60 ದಿನ ಮೀರಿ ಕರಾರು ಮುರಿದರೆ, ಕಂಪನಿಯ ಡ್ರಾಯಿಂಗ್ ಅಳತೆಗೇ ಅಂತ ತರಿಸಿಟ್ಟ 40 ಮಿಲಿಮೀಟರ್ ಪ್ಲೇಟನ್ನು ಯಾರು ತಗೋಬೇಕು? ತಯಾರಾದ ಮಾಲಿಗೆ ದುಡ್ಡು ಅಂತಿದೆ, ಕಚ್ಚಾ ಮಾಲಿನ ಬಗ್ಗೆ ಕಲಂ ಇವತ್ತಿಗೂ ಬಾಯಿ ಬಿಡುವುದಿಲ್ಲ. ಹಾಗಾಗಿ ಈಗ ಮಾಲೀಕರು ಒಂದು ತಿಂಗಳಿಗೆ ಬೇಕಾದಷ್ಟೇ ಪ್ಲೇಟ್ ತರಿಸುತ್ತಾರೆ.